ಮೆಸೇಜ್ ಇಷ್ಟ ಆಯ್ತು, ಅವಸರ ಮಾತ್ರ ಬೇಡ: ಉತ್ತರ ಬರೆಯುವ ಬಗೆ

ಒಂದು ಫ್ಲರ್ಟ್ ಮೆಸೇಜ್ ಬಂದಿದೆ. ಕಳಿಸಿದವರು ನಿಮಗೆ ಇಷ್ಟವೇ. ಓದಿದಾಗ ಒಳಗೊಳಗೇ ಖುಷಿಯಾಯಿತು, ಎರಡು ಸಲ ಓದಿಯೂ ಆಯಿತು. ಆದರೆ ಅದೇ ಜೋರಿನಲ್ಲಿ ಉತ್ತರ ಕೊಟ್ಟರೆ ವಿಷಯ ನಾಳೆಯೇ ಎಲ್ಲೋ ಹೋಗಿ ನಿಲ್ಲುತ್ತದೇನೋ ಎಂಬ ಅಳುಕು. ಈ ಬರಹ ಅಂಥ ಹೊತ್ತಿಗಾಗಿ. ಬೇಡದ ಮೆಸೇಜನ್ನು ನಿಲ್ಲಿಸುವುದು ಬೇರೆಯದೇ ವಿಷಯ, ಅದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿಲ್ಲ.

ಇಂಥ ಹೊತ್ತಿನಲ್ಲಿ ಜಾಸ್ತಿ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ತಾವೂ ಅಷ್ಟೇ ಜೋರಾಗಿ ಫ್ಲರ್ಟ್ ಮಾಡಿ, ಬೆಳಗ್ಗೆ ಎದ್ದು ಗಾಬರಿಯಾಗಿ ಎರಡು ದಿನ ಮಾತು ಬಿಡುತ್ತಾರೆ. ಇಲ್ಲವೇ "ಹಹ ಥ್ಯಾಂಕ್ಸ್" ಅಂತ ಹಾಕಿ ಸುಮ್ಮನಾಗುತ್ತಾರೆ. ಮೊದಲನೆಯದರಿಂದ ಎದುರಿನವರಿಗೆ ತಲೆಬುಡ ತಿಳಿಯುವುದಿಲ್ಲ. ಎರಡನೆಯದರಿಂದ "ಇವರಿಗೆ ಇಷ್ಟ ಇಲ್ಲ" ಅಂತಲೇ ಅನಿಸುತ್ತದೆ. ಎರಡು ಕಡೆಯೂ ಆಗಿರುವುದು ಒಂದೇ. ನಿಧಾನ ಬೇಕು ಅನ್ನುವುದನ್ನು ಬಾಯಿಬಿಟ್ಟು ಹೇಳದೆ ಮೌನದಿಂದ ತಿಳಿಸಲು ಹೋಗಿದ್ದಾರೆ. ಮೌನಕ್ಕೆ ಎದುರಿನವರು ತಮ್ಮ ಭಯಕ್ಕೆ ತಕ್ಕ ಅರ್ಥ ಕಟ್ಟಿಕೊಳ್ಳುತ್ತಾರೆ. ಹಾಗಾಗಿ ಇಷ್ಟ ಆಯ್ತು ಅನ್ನುವುದನ್ನೂ ಬರೆಯಬೇಕು, ನಿಧಾನ ಬೇಕು ಅನ್ನುವುದನ್ನೂ ಬರೆಯಬೇಕು, ಎರಡೂ ಒಂದೇ ಉತ್ತರದಲ್ಲಿ ಇರಬೇಕು. ಅದನ್ನು ಹೇಗೆ ಬರೆಯುವುದು ಅಂತ ಒಂದು ನಿಜವಾದ ಮೆಸೇಜನ್ನೇ ಹಿಡಿದು ನೋಡೋಣ.

ನನ್ನ ಗೆಳತಿಯೊಬ್ಬಳು ದಾವಣಗೆರೆಯಲ್ಲಿ ಒಂದು ಮದುವೆಗೆ ಹೋಗಿದ್ದಳು. ಅವಳು ಹೆಣ್ಣಿನ ಕಡೆ, ಆತ ಗಂಡಿನ ಕಡೆ. ಇಬ್ಬರೂ ಇರುವುದು ಬೆಂಗಳೂರಿನಲ್ಲಿ. ಮದುವೆ ಫೋಟೋ ಹಂಚಿಕೊಳ್ಳಲು ಮಾಡಿದ ವಾಟ್ಸಾಪ್ ಗ್ರೂಪಿನಿಂದ ಮಾತು ಶುರುವಾಯಿತು. ಒಂದು ವಾರ "ಊಟ ಆಯ್ತಾ", "ಆಫೀಸ್ ಹೇಗಿತ್ತು" ಅಂತೆಲ್ಲ ನಡೆಯಿತು. ಆಮೇಲೆ ಒಂದು ಭಾನುವಾರ ರಾತ್ರಿ ಹನ್ನೊಂದು ದಾಟಿದ ಮೇಲೆ ಇದು ಬಂತು. ಅವಳನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ.

"ನಿಜ ಹೇಳ್ಲಾ? ಆವತ್ತು ಹಸಿರು ಸೀರೇಲಿ ನೀವು ಬಡಿಸೋಕೆ ಬಂದಾಗ ನಾನು ಎರಡನೇ ಸಲ ಹೋಳಿಗೆ ಕೇಳಿದ್ದು ಹೋಳಿಗೆಗೋಸ್ಕರ ಅಲ್ಲ 😄 ಆಮೇಲಿಂದ ಸರಿಯಾಗಿ ನಿದ್ದೆನೂ ಬರ್ತಿಲ್ಲ. ನಾಳೆ ಸಂಜೆ ಸಿಗೋಣ್ವಾ? ನಾವಿಬ್ರೇ. ನನ್ನ ರೂಮ್ ಹತ್ರನೇ ಒಂದು ಒಳ್ಳೆ ಜಾಗ ಇದೆ."

ಮೊದಲು ಮೆಸೇಜನ್ನು ಬಿಡಿಸಿ ನೋಡಿ

ಇಡೀ ಮೆಸೇಜ್ ಒಟ್ಟಿಗೆ ತಲೆಗೆ ಬಂದಾಗ ಖುಷಿ, ಅಳುಕು ಎರಡೂ ಕಲಸಿಹೋಗಿರುತ್ತವೆ. ಅದಕ್ಕೇ ಸಾಲು ಸಾಲಾಗಿ ಬಿಡಿಸಬೇಕು. ಮೇಲಿನದರಲ್ಲಿ ನಾಲ್ಕು ತುಂಡುಗಳಿವೆ. ಹೋಳಿಗೆಯ ಮಾತು, ನಿದ್ದೆಯ ಮಾತು, ನಾಳೆ ಸಂಜೆ ಸಿಗುವ ಮಾತು, ರೂಮಿನ ಹತ್ತಿರ ಇಬ್ಬರೇ ಅನ್ನುವ ಮಾತು.

ಪ್ರತಿ ತುಂಡಿಗೂ ಮೂರರಲ್ಲಿ ಒಂದು ಗುರುತು ಹಾಕಿ: ಖುಷಿ ಆಯ್ತು, ಪರವಾಗಿಲ್ಲ, ಇದು ಬೇಗ ಆಯ್ತು. ಗೆಳತಿಗೆ ಹೋಳಿಗೆಯ ಮಾತು ತುಂಬ ಹಿಡಿಸಿತ್ತು. ಆತ ಅಷ್ಟು ಗಮನಿಸಿದ್ದ, ಅದನ್ನು ಚೆನ್ನಾಗಿ ಹೇಳಿಯೂ ಇದ್ದ. ನಿದ್ದೆಯ ಮಾತು ಸ್ವಲ್ಪ ಭಾರ ಅನಿಸಿತು, ಆದರೂ ಪರವಾಗಿಲ್ಲ. ಸಿಗುವುದು ಅವಳಿಗೂ ಬೇಕಿತ್ತು. ನಾಳೆಯೇ ಬೇಡ, ರೂಮಿನ ಹತ್ತಿರ ಬೇಡ, ಅಷ್ಟೇ.

ಇಲ್ಲಿ ಆದದ್ದನ್ನು ನೋಡಿ. "ನಂಗೆ ಭಯ ಆಗ್ತಿದೆ ಕಣೇ, ಏನಂತ ಬರೀಲಿ" ಅಂತ ಫೋನ್ ಹಿಡಿದುಕೊಂಡು ಕೂತವಳ ತೊಂದರೆ ಈಗ ಎರಡೇ ಸಂಗತಿಗೆ ಇಳಿಯಿತು: ಯಾವ ದಿನ, ಯಾವ ಜಾಗ. ಬಹಳ ಸಲ ಹೀಗೇ ಆಗುತ್ತದೆ. ಅವಸರ ಅನಿಸಿದ್ದು ಇಡೀ ಮೆಸೇಜಲ್ಲ, ಅದರ ಕೊನೆಯ ತುದಿ ಮಾತ್ರ.

ಈ ಕೆಲಸವನ್ನು ಆ ಚಾಟ್ ಒಳಗೆ ಕೂತು ಮಾಡಬೇಡಿ. ನೀವು ಟೈಪ್ ಮಾಡಿ ಅಳಿಸುತ್ತಾ ಕೂತರೆ ಆ ಕಡೆ "ಟೈಪಿಂಗ್" ಅಂತ ಬಂದು ಹೋಗಿ ಆಗುತ್ತಿರುತ್ತದೆ, ಅವರು ಅದನ್ನೇ ನೋಡುತ್ತಾ ಕೂತಿರುತ್ತಾರೆ. ವಾಟ್ಸಾಪಿನಲ್ಲಿ ನಿಮಗೆ ನೀವೇ ಮೆಸೇಜ್ ಕಳಿಸಿಕೊಳ್ಳಬಹುದು, ಅಲ್ಲಿ ಬರೆಯಿರಿ. ಇಲ್ಲವೇ ಫೋನಿನ ನೋಟ್ಸ್ ಇದ್ದೇ ಇದೆ. ಕಳಿಸಿದ ಮೇಲೆ ತಿದ್ದಲು 15 ನಿಮಿಷ ಸಿಗುತ್ತದೆ, ಆದರೆ ತಿದ್ದಿದ್ದು ಅಂತ ಅಲ್ಲೇ ಗುರುತು ಬೀಳುತ್ತದೆ. ಅಳಿಸಿದರೆ, ಅಳಿಸಲಾಗಿದೆ ಎಂಬ ಸಾಲು ಉಳಿಯುತ್ತದೆ. ರಾತ್ರಿ ಹನ್ನೊಂದೂವರೆಗೆ ಆ ಸಾಲು ನೋಡಿದವರಿಗೆ ನೀವು ಏನು ಬರೆದಿದ್ದರೂ ಆಗದಷ್ಟು ತಳಮಳ ಆಗುತ್ತದೆ.

ನಿಧಾನ ಅಂದರೆ ನಿಮಗೆ ಏನು?

ಈ ಹೆಜ್ಜೆಯನ್ನು ಬಿಟ್ಟರೆ ಮುಂದಿನದ್ಯಾವುದೂ ನಿಲ್ಲುವುದಿಲ್ಲ. ನಿಧಾನ ಅನ್ನುವುದಕ್ಕೆ ಎಲ್ಲರಿಗೂ ಒಂದೇ ಅಳತೆ ಇಲ್ಲ. ಒಬ್ಬರಿಗೆ ಎರಡು ವಾರಕ್ಕೊಮ್ಮೆ ಸಿಗುವುದು ನಿಧಾನ. ಇನ್ನೊಬ್ಬರು ದಿನಾ ಸಿಗುತ್ತಾರೆ, ಆದರೆ ಕೈ ಹಿಡಿಯಲು ಎರಡು ತಿಂಗಳು ಬೇಕು. ಮತ್ತೊಬ್ಬರಿಗೆ ಏನು ಬೇಕಾದರೂ ಆಗಲಿ, ಗೆಳೆಯರ ಗುಂಪಿಗೆ ಈಗಲೇ ಗೊತ್ತಾಗಬಾರದು. "ನಿಧಾನವಾಗಿ ಹೋಗೋಣ" ಅಂತ ಬರೀ ಮಾತು ಕೊಟ್ಟರೆ ಎದುರಿನವರು ತಮ್ಮ ಅಳತೆಯನ್ನೇ ಹಿಡಿದುಕೊಳ್ಳುತ್ತಾರೆ.

ಹಾಗಾಗಿ ಮುಂದಿನ ಎರಡು ಮೂರು ವಾರವನ್ನು ಮಾತ್ರ ಕಣ್ಮುಂದೆ ಇಟ್ಟುಕೊಳ್ಳಿ. ಈ ದಿನಗಳಲ್ಲಿ ನಿಮಗೆ ಏನು ಖುಷಿ, ಏನು ಬೇಡ? ಗೆಳತಿ ಬರೆದುಕೊಂಡದ್ದು ಇಷ್ಟು. ದಿನಾ ಚಾಟ್ ಮಾಡಬಹುದು. ಫ್ಲರ್ಟ್ ಕೂಡ ಬೇಕು, ಅದು ಅವಳಿಗೆ ಇಷ್ಟ. ಹಗಲು ಹೊತ್ತು ಜನ ಇರುವ ಕಡೆ ಸಿಗಬಹುದು. ರಾತ್ರಿ ಉದ್ದುದ್ದ ಫೋನ್ ಬೇಡ, ಬೆಳಗ್ಗೆ ಆಫೀಸಿದೆ. ಒಬ್ಬಳದೇ ಫೋಟೋ ಕಳಿಸುವುದು ಈಗ ಬೇಡ. ಮದುವೆಯಾದ ಗೆಳತಿಗೆ ಸದ್ಯಕ್ಕೆ ಹೇಳುವುದು ಬೇಡ, ಹೇಳಿದರೆ ಗಂಡಿನ ಕಡೆಯವರಿಗೆಲ್ಲ ತಿಳಿದುಬಿಡುತ್ತದೆ.

ಇದರಲ್ಲಿ ಎಲ್ಲವನ್ನೂ ಆತನಿಗೆ ಕಳಿಸಬೇಕಾಗಿಲ್ಲ. ಇದು ನಿಮಗಾಗಿ. ಯಾವ ಮೆಸೇಜ್ ಬಂದರೂ ಆಗ ನಿಂತು ಯೋಚಿಸುತ್ತಾ ಕೂರುವ ಕೆಲಸ ತಪ್ಪುತ್ತದೆ.

ಒಂದು ವಿಷಯ ಇಲ್ಲೇ ನೇರವಾಗಿ ಹೇಳುತ್ತೇನೆ. ಪಟ್ಟಿ ಬರೆಯುವಾಗ ನಿಮಗೆ ಬೇಕಾದದ್ದು ಒಂದೂ ಸಿಗದೆ ಬೇಡದ್ದೇ ತುಂಬಿದರೆ, ನಿಮಗೆ ಬೇಕಿರುವುದು ನಿಧಾನವಲ್ಲ. ಮೆಚ್ಚುಗೆ ಹಿಡಿಸಿದೆ, ಮನುಷ್ಯ ಹಿಡಿಸಿಲ್ಲ. ಹಾಗಿದ್ದಾಗ "ನಿಧಾನವಾಗಿ" ಅನ್ನಬೇಡಿ. ಇನ್ನೊಬ್ಬರು ನಿಮ್ಮ ಮಾತು ನಂಬಿ ತಿಂಗಳುಗಟ್ಟಲೆ ಕಾಯುತ್ತಾರೆ, ಅದು ಅನ್ಯಾಯ.

ಮೊದಲ ಸಾಲು: ಹಿಡಿಸಿದ್ದನ್ನು ಹೆಸರಿಟ್ಟು ಹೇಳಿ

ಉತ್ತರ ಇಷ್ಟದಿಂದಲೇ ಶುರುವಾಗಬೇಕು. ಫ್ಲರ್ಟ್ ಮಾಡಿದವರು ಸ್ವಲ್ಪ ಧೈರ್ಯ ಮಾಡಿ ಕಳಿಸಿರುತ್ತಾರೆ, ಫೋನ್ ಕೈಯಲ್ಲೇ ಇರುತ್ತದೆ. ಅವರು ಮೊದಲ ನಾಲ್ಕೈದು ಪದಗಳಲ್ಲಿ ಹುಡುಕುವುದು ಒಂದನ್ನೇ: ತಪ್ಪು ಮಾಡಿದೆನಾ, ಇಲ್ಲವಾ? ನೋಟಿಫಿಕೇಶನ್‌ನಲ್ಲಿ ಕಾಣುವುದೂ ಆ ಮೊದಲ ಸಾಲೇ. ಅಲ್ಲಿ "ನೋಡಿ, ನನಗೆ ಸ್ವಲ್ಪ ಟೈಮ್ ಬೇಕು" ಅಂತ ಕಂಡರೆ, ಮುಂದೆ ಎಷ್ಟು ಸಿಹಿ ಬರೆದರೂ ಅದು ಸಮಾಧಾನದ ಮಾತಾಗಿ ಕೇಳಿಸುತ್ತದೆ.

ಮೆಸೇಜಿನಲ್ಲಿ ನಿಮಗೆ ಹಿಡಿಸಿದ ತುಂಡನ್ನೇ ಎತ್ತಿಕೊಳ್ಳಿ. "ಸೋ ಸ್ವೀಟ್" ಅಂತ ಯಾರಿಗೆ ಬೇಕಾದರೂ ಹಾಕಬಹುದು. "ಹೋಳಿಗೆ ವಿಷಯ ಓದಿ ಜೋರಾಗಿ ನಕ್ಕೆ" ಅಂತ ಆತನಿಗೆ ಮಾತ್ರ ಹಾಕಬಹುದು. ಹೀಗೆ ಮಾಡಿದಾಗ ಇನ್ನೊಂದು ಅನುಕೂಲವೂ ಇದೆ. ನೀವು ಯಾವ ಬಗೆಯ ಮಾತಿಗೆ ನಗುತ್ತೀರಿ ಅಂತ ಅವರಿಗೆ ಗೊತ್ತಾಗುತ್ತದೆ, ಮುಂದಿನ ಸಲ ಅದೇ ದಾರಿಯಲ್ಲಿ ಬರುತ್ತಾರೆ. ನಿದ್ದೆ ಬರ್ತಿಲ್ಲ ಅನ್ನುವ ಸಾಲನ್ನು ಗೆಳತಿ ಮುಟ್ಟಲೇ ಇಲ್ಲ. ಬೈಯಲೂ ಇಲ್ಲ, "ಅಯ್ಯೋ ಯಾಕೆ?" ಅಂತ ಕೇಳಲೂ ಇಲ್ಲ. ಕೇಳಿದ್ದರೆ ಮಾತು ಅದೇ ದಿಕ್ಕಿಗೆ ಹೊರಟುಬಿಡುತ್ತಿತ್ತು.

ಫ್ಲರ್ಟ್‌ಗೆ ಫ್ಲರ್ಟ್ ಕೊಡಬಹುದಾ? ಧಾರಾಳವಾಗಿ. ಆದರೆ ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಅವರು ನಿದ್ದೆ ಬರ್ತಿಲ್ಲ ಅಂದರೆ ನೀವು "ನನಗೂ" ಅನ್ನಬೇಡಿ. "ನನಗೂ ಆವತ್ತೇ ಡೌಟ್ ಬಂದಿತ್ತು" ಅಂದರೆ ಸಾಕು. ಅದರಲ್ಲಿ ತುಂಟತನ ಇದೆ, ನಾನೂ ಗಮನಿಸಿದ್ದೆ ಅನ್ನುವ ಸುಳಿವೂ ಇದೆ, ಮಾತು ಮಾತ್ರ ಊಟದ ಪಂಕ್ತಿಯಿಂದ ಆಚೆ ಹೋಗಿಲ್ಲ.

ಎರಡನೇ ಸಾಲು: ನಿಧಾನದ ಮಾತು

ಇದು ಒಂದೇ ಸಾಲು ಇರಲಿ. ಉದ್ದ ಬರೆದಷ್ಟೂ ಏನೋ ದೊಡ್ಡ ಸಮಸ್ಯೆ ಇದ್ದಂತೆ ಕಾಣುತ್ತದೆ. ಅದು "ನನಗೆ" ಎಂದು ಶುರುವಾಗಲಿ. "ನೀವು ತುಂಬಾ ಫಾಸ್ಟ್ ಹೋಗ್ತಿದ್ದೀರಾ" ಅಂದರೆ ಅದು ದೂರು. "ನನಗೆ ಯಾರ ಜೊತೆನೂ ಹತ್ರ ಆಗೋಕೆ ಸ್ವಲ್ಪ ಟೈಮ್ ಬೇಕು" ಅಂದರೆ ಅದು ನಿಮ್ಮ ಸ್ವಭಾವ. ಅದರ ಮೇಲೆ ವಾದ ಮಾಡಲು ಬರುವುದಿಲ್ಲ.

"ಆದ್ರೆ" ಬೇಡ. "ನಿಮ್ಮ ಮೆಸೇಜ್ ಇಷ್ಟ ಆಯ್ತು, ಆದ್ರೆ..." ಅಂದ ಕೂಡಲೇ ಓದುವವರು ಮೊದಲ ಭಾಗವನ್ನು ಮರೆತು ಎರಡನೆಯದಕ್ಕೆ ಮೈ ಬಿಗಿ ಹಿಡಿಯುತ್ತಾರೆ. ಒಂದು ಸಾಲು ಮುಗಿಸಿ, ಚುಕ್ಕಿ ಇಟ್ಟು, ಹೊಸ ಸಾಲು ಶುರು ಮಾಡಿ. ಎರಡೂ ನಿಜವಾಗಿರುವಾಗ ಒಂದನ್ನು ಇನ್ನೊಂದಕ್ಕೆ ಎದುರು ನಿಲ್ಲಿಸುವುದು ಯಾಕೆ?

"ಸಾರಿ" ಕೂಡ ಬೇಡ. ಸಮಯ ಬೇಕು ಅನ್ನುವುದಕ್ಕೆ ಕ್ಷಮೆ ಕೇಳಿದರೆ, ನೀವೇ ಅದನ್ನು ತಪ್ಪು ಅಂತ ಒಪ್ಪಿಕೊಂಡಂತೆ. ಕಾರಣವನ್ನೂ ಪೋಣಿಸಬೇಡಿ. "ಮನೇಲಿ ಸ್ವಲ್ಪ ಸ್ಟ್ರಿಕ್ಟು", "ಆಫೀಸಲ್ಲಿ ಕೆಲಸ ಜಾಸ್ತಿ" ಅಂತ ನೆಪ ಹೇಳುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ನೆಪಕ್ಕೆ ಪರಿಹಾರ ಇರುತ್ತದೆ, ಅದೇ ತೊಂದರೆ. ಕೆಲಸ ಜಾಸ್ತಿ ಅಂದರೆ "ಹಾಗಿದ್ರೆ ಭಾನುವಾರ ಸಿಗೋಣ" ಅಂತ ಬರುತ್ತದೆ. ಆಗ ನೀವು ಇನ್ನೊಂದು ನೆಪ ಹುಡುಕಬೇಕು.

ಹಳೇ ಸಂಬಂಧದ ಕಥೆ ಇದ್ದರೂ ಈ ಸಾಲಿನಲ್ಲಿ ತರಬೇಡಿ. ಅದನ್ನು ಹೇಳುವ ಹೊತ್ತು ಬರುತ್ತದೆ, ಎದುರು ಕೂತು ಹೇಳುವ ಮಾತು ಅದು.

ಮೂರನೇ ಸಾಲು: ಮುಂದಿನದು ಏನು, ಯಾವಾಗ

ಮೊದಲೆರಡು ಸಾಲು ಚೆನ್ನಾಗಿ ಬರೆದು ಇಲ್ಲಿ ಬಿಟ್ಟುಬಿಡುವವರು ಬಹಳ. ನಿಧಾನ ಅಂತ ಹೇಳಿ ಮುಂದಿನದನ್ನು ಹೇಳದಿದ್ದರೆ ಎದುರಿನವರು ಏನು ಮಾಡಬೇಕು? ಕಾಯಬೇಕಾ? ಎಷ್ಟು ದಿನ? ಮರುದಿನ ಗುಡ್ ಮಾರ್ನಿಂಗ್ ಹಾಕಬಹುದಾ? ಅದಕ್ಕೇ ನಿಮಗೆ ನಿಜವಾಗಿಯೂ ಸರಿ ಅನಿಸುವ ಒಂದು ಚಿಕ್ಕ ಯೋಜನೆಯನ್ನು ನೀವೇ ಮುಂದಿಡಿ. ಆಗ ದಿನ, ಜಾಗ, ಹೊತ್ತು ಎಲ್ಲ ನಿಮ್ಮ ಕೈಯಲ್ಲಿರುತ್ತದೆ. ಅವರಿಗೂ ಖಾಲಿ ಕೈಯಲ್ಲಿ ಮರಳಿದ ಹಾಗೆ ಆಗುವುದಿಲ್ಲ.

ಗೆಳತಿ ಕೊನೆಗೆ ಕಳಿಸಿದ್ದು ಇದು.

"ಹೋಳಿಗೆ ವಿಷಯ ಓದಿ ಜೋರಾಗಿ ನಕ್ಕೆ 😄 ನನಗೂ ಆವತ್ತೇ ಡೌಟ್ ಬಂದಿತ್ತು! ನಿಮ್ಮ ಜೊತೆ ಮಾತಾಡೋದು ನನಗೆ ಇಷ್ಟ. ನನಗೆ ಯಾರ ಜೊತೆನೂ ಹತ್ರ ಆಗೋಕೆ ಸ್ವಲ್ಪ ಟೈಮ್ ಬೇಕು, ಹಾಗಾಗಿ ನಿಧಾನವಾಗಿ ಹೋಗೋಣ. ಶನಿವಾರ ಬೆಳಿಗ್ಗೆ ಗಾಂಧಿ ಬಜಾರಲ್ಲಿ ದೋಸೆ ತಿನ್ನೋಣ್ವಾ? ಹತ್ತೂವರೆಗೆ ನಾನು ಹೊರಡಬೇಕು."

ಜಾಗದ ಆಯ್ಕೆ ಸುಮ್ನೆ ಆದದ್ದಲ್ಲ. ನಿಧಾನ ಬೇಕಾದವರಿಗೆ ತಾನಾಗಿ ಮುಗಿಯುವ ಜಾಗ ಒಳ್ಳೆಯದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಶನಿವಾರ ಬೆಳಗ್ಗೆ ಅಲ್ಲಿ ಕಾಯಬೇಕಾಗುತ್ತದೆ, ಆ ಕಾಯುವ ಹೊತ್ತೇ ಮಾತಿಗೆ ಚೆನ್ನ. ಒಳಗೆ ಹೋದ ಮೇಲೆ ದೋಸೆ, ಕಾಫಿ ಮುಗಿಸಿ ಟೇಬಲ್ ಬಿಟ್ಟುಕೊಡಲೇಬೇಕು, ಹಿಂದೆ ಜನ ಕಾಯುತ್ತಿರುತ್ತಾರೆ. "ಇನ್ನೊಂದು ಸ್ವಲ್ಪ ಹೊತ್ತು ಕೂರೋಣ" ಅನ್ನುವ ಎಳೆದಾಟಕ್ಕೆ ಎಡೆಯೇ ಇಲ್ಲ. ಮಾತು ಚೆನ್ನಾಗಿ ಸಾಗಿದರೆ ಆಚೆ ಹೂವಿನ ಅಂಗಡಿಗಳ ಸಾಲಿನಲ್ಲಿ ಒಂದು ಸುತ್ತು ಹಾಕಬಹುದು. ಸಾಗದಿದ್ದರೆ ಹತ್ತೂವರೆ ಅಂತ ಮೊದಲೇ ಹೇಳಿ ಆಗಿದೆ. ನಿಂತು ತಿನ್ನುವ ಯಾವುದೇ ದರ್ಶಿನಿಯೂ ಇದೇ ಕೆಲಸ ಮಾಡುತ್ತದೆ. ಸಿನಿಮಾ ಬೇಡ. ಮೂರು ಗಂಟೆ ಕತ್ತಲಲ್ಲಿ ಪಕ್ಕಪಕ್ಕ ಕೂತು ಒಂದು ಮಾತೂ ಆಡದಿರುವುದು ನಿಧಾನಕ್ಕೂ ಆಗಿಬರುವುದಿಲ್ಲ, ಪರಿಚಯಕ್ಕೂ ಆಗಿಬರುವುದಿಲ್ಲ.

ಸಿಗುವ ಮನಸ್ಸೇ ಇನ್ನೂ ಇಲ್ಲದಿದ್ದರೆ ಮೂರನೇ ಸಾಲು ಒಂದು ಪ್ರಶ್ನೆಯಾಗಿರಲಿ, ಮಾತು ಮುಂದುವರಿಯುವಂಥದ್ದು. "ಅದಿರ್ಲಿ, ಆವತ್ತು ಹೋಳಿಗೆಗೆ ಹಾಲು ಹಾಕಿಸ್ಕೊಂಡ್ರೋ ತುಪ್ಪಾನೋ?" ಅಂತ ಕೇಳಿದರೂ ಆಯಿತು. ಇವತ್ತಲ್ಲ ನಾಳೆ ಮತ್ತೆ ಮಾತಾಡೋಣ ಅನ್ನುವುದು ಅದರಲ್ಲೇ ಬಂತು.

ನೀವು, ನೀನು

ಕನ್ನಡದಲ್ಲಿ ಚಾಟ್ ಮಾಡುವವರಿಗೆ ವೇಗ ಹಿಡಿಯಲು ಒಂದು ಸಾಧನ ಕೈಯಲ್ಲೇ ಇದೆ, ಅದನ್ನು ಬಳಸುವವರು ಕಡಿಮೆ. ಬಹುವಚನದಿಂದ ಏಕವಚನಕ್ಕೆ ಇಳಿಯುವುದು ದೊಡ್ಡ ಹೆಜ್ಜೆ. ಒಂದು ಸಲ ನೀನು ಅಂತ ಶುರುವಾದರೆ ಮತ್ತೆ ನೀವು ಅನ್ನುವುದು ಜಗಳವಾಡಿದಂತೆ ಕೇಳಿಸುತ್ತದೆ. ಅದಕ್ಕೇ ಅದಕ್ಕೆ ಅವಸರ ಮಾಡಬೇಡಿ.

ಬಹುವಚನದಲ್ಲೂ ಸೊಗಸಾಗಿ ಫ್ಲರ್ಟ್ ಮಾಡಬಹುದು. "ನಿಮ್ಮ ಕಣ್ಣಿಗೆ ಯಾವುದೂ ತಪ್ಪಲ್ಲ ಬಿಡಿ" ಅನ್ನುವ ಮಾತಿನಲ್ಲಿ ಇರುವ ತುಂಟತನ ಏಕವಚನದಲ್ಲಿ ಅರ್ಧ ಕಡಿಮೆಯಾಗುತ್ತದೆ ಅಂತ ನನಗೆ ಅನಿಸುತ್ತದೆ. ಎದುರಿನವರು ತಟ್ಟನೆ "ಏನ್ ಮಾಡ್ತಿದೀಯಾ?" ಅಂತ ಇಳಿದರೆ ಎರಡು ದಾರಿ ಇವೆ. ನೀವು ನಿಮ್ಮ ಪಾಡಿಗೆ ಬಹುವಚನದಲ್ಲೇ ಉತ್ತರಿಸುತ್ತಾ ಹೋಗಬಹುದು. ಸೂಕ್ಷ್ಮ ಇರುವವರು ಒಂದೆರಡು ಮೆಸೇಜಿನಲ್ಲೇ ತಾವಾಗಿ ಮರಳುತ್ತಾರೆ. ಇಲ್ಲವೇ ಹೇಳಿಬಿಡಬಹುದು: "ಏಕವಚನಕ್ಕೆ ಇನ್ನೂ ಸ್ವಲ್ಪ ದಿನ ಇರ್ಲಿ, ಅದನ್ನ ಒಟ್ಟಿಗೇ ಶುರು ಮಾಡೋಣ." ಇದರಲ್ಲಿ ಬೇಡ ಅನ್ನುವುದಕ್ಕಿಂತ ಮುಂದೆ ಆಗುತ್ತದೆ ಅನ್ನುವುದೇ ಜಾಸ್ತಿ ಕೇಳಿಸುತ್ತದೆ.

ಇದಕ್ಕೆ ಊರಿನ ಲೆಕ್ಕವೂ ಇದೆ. ಧಾರವಾಡ, ಕಲಬುರಗಿ ಕಡೆಯವರ ಮಾತಿನಲ್ಲಿ ಸಲಿಗೆಯ ಗುರುತುಗಳು ಬೇರೆ, ಮೈಸೂರು ಕಡೆಯವರದು ಬೇರೆ. ಒಂದೇ ಕಾಲೇಜಿನಲ್ಲಿ ಓದಿದವರು ಮೊದಲ ದಿನದಿಂದಲೇ ನೀನು ಅಂದುಕೊಂಡಿರುತ್ತಾರೆ. ಹಾಗಿದ್ದರೆ ಈ ಸಾಧನ ನಿಮಗೆ ಇಲ್ಲ. ಆಗ ಅದೇ ಕೆಲಸವನ್ನು "ಚಿನ್ನ", "ಬಂಗಾರ" ಥರದ ಕರೆಗಳ ವಿಷಯದಲ್ಲಿ ಮಾಡಿ. ಅಂಥ ಹೆಸರಿಗೆ ತಿರುಗಿ ಅಂಥದೇ ಹೆಸರು ಕೊಡದಿದ್ದರೆ ಸಾಕು.

ಯಾವಾಗ ಕಳಿಸುವುದು

ಬೇಕಂತಲೇ ಕಾಯಿಸುವ ಆಟ ಬೇಡ. ನೀಲಿ ಟಿಕ್ ಬಿದ್ದು ಮರುದಿನ ಸಂಜೆವರೆಗೆ ಸುದ್ದಿಯೇ ಇಲ್ಲ ಅಂದರೆ ಅದು ನಿಧಾನ ಅಂತ ಯಾರಿಗೂ ಅರ್ಥವಾಗುವುದಿಲ್ಲ. ಹಾಗಂತ ರಾತ್ರಿಯೇ ಉತ್ತರ ಕೊಡಬೇಕೆಂದೂ ಇಲ್ಲ. ಆ ಹೊತ್ತಿನಲ್ಲಿ ಕೈ ಮನಸ್ಸಿಗಿಂತ ಮುಂದೆ ಓಡುತ್ತದೆ. ಒಂದು ಚಿಕ್ಕ ಸಾಲು ಹಾಕಿಬಿಡಿ: "ಓದಿದೆ, ನಗ್ತಾ ಇದೀನಿ. ನಾಳೆ ಆರಾಮಾಗಿ ಬರೀತೀನಿ, ಗುಡ್ ನೈಟ್." ಅವರೂ ನೆಮ್ಮದಿಯಾಗಿ ಮಲಗುತ್ತಾರೆ, ನೀವೂ ಮಲಗಬಹುದು. ನಾಳೆ ಅಂದ ಮೇಲೆ ನಾಳೆ ಬರೆಯಲೇಬೇಕು. ನಿಧಾನ ಕೇಳುವವರು ಹೇಳಿದ ಹೊತ್ತಿಗೆ ಸಿಕ್ಕರೆ ಮಾತ್ರ ಆ ನಿಧಾನದ ಮೇಲೆ ನಂಬಿಕೆ ಹುಟ್ಟುತ್ತದೆ.

ನೀಲಿ ಟಿಕ್ ಆಫ್ ಮಾಡುವ ಯೋಚನೆ ಬಂದರೆ ಒಂದು ಗೊತ್ತಿರಲಿ. ನೀವು ಆಫ್ ಮಾಡಿದರೆ ಅವರು ಓದಿದ್ದೂ ನಿಮಗೆ ಕಾಣುವುದಿಲ್ಲ. ಆಮೇಲೆ ತಳಮಳ ಪಡುವ ಸರದಿ ನಿಮ್ಮದು.

ಅವರ ಉತ್ತರವನ್ನು ಓದುವುದು

ನಿಮ್ಮ ಉತ್ತರದಷ್ಟೇ ಮುಖ್ಯ ಅದಕ್ಕೆ ಬರುವ ಉತ್ತರ. ಗೆಳತಿಗೆ ಬಂದದ್ದು ಹೀಗಿತ್ತು: "ಆಯ್ತು ಮೇಡಂ, ನಿಧಾನಕ್ಕೆ ನಾನೂ ರೆಡಿ. ಶನಿವಾರ ಒಂಬತ್ತಕ್ಕೆ? ಸರತಿಯಲ್ಲಿ ನಾನು ಮೊದ್ಲೇ ನಿಂತಿರ್ತೀನಿ." ಇದು ಒಳ್ಳೆಯ ಉತ್ತರ. ಮಾತನ್ನು ಒಪ್ಪಿಕೊಂಡ, ನಗು ಉಳಿಸಿಕೊಂಡ, ಅವಳು ಹೇಳಿದ ಯೋಜನೆಯನ್ನೇ ಹಿಡಿದ. ರೂಮಿನ ಹತ್ತಿರದ ಜಾಗದ ಮಾತು ಮತ್ತೆ ಎತ್ತಲಿಲ್ಲ.

ಸ್ವಲ್ಪ ಮುದುಡಿದ ಉತ್ತರವೂ ಬರಬಹುದು. "ಸರಿ, ನಾನು ಸ್ವಲ್ಪ ಜಾಸ್ತಿನೇ ಹೇಳ್ಬಿಟ್ಟೆ ಅನ್ಸುತ್ತೆ." ಇದಕ್ಕೆ ಗಾಬರಿಯಾಗಿ ನಿಧಾನದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ. "ಜಾಸ್ತಿ ಏನಿಲ್ಲ, ನನಗೆ ಇಷ್ಟ ಆಯ್ತು ಅಂತ ಹೇಳಿದ್ನಲ್ಲ" ಅಂತ ಒಂದೇ ಸಲ ಹೇಳಿ, ಬೇರೆ ಮಾತಿಗೆ ಹೋಗಿ. ಮುಜುಗರ ಒಂದು ದಿನದಲ್ಲಿ ಇಳಿಯುತ್ತದೆ. ಮೂರು ದಿನ ಕಳೆದರೂ ಮುನಿಸು ಇಳಿಯದಿದ್ದರೆ ಅದು ಮುಜುಗರ ಅಲ್ಲ, ಒತ್ತಡ.

ಮೂರನೆಯದು ಚೌಕಾಸಿ. "ನಿಧಾನ ಓಕೆ, ಬರೀ ಹತ್ತು ನಿಮಿಷ ಫೋನ್ ಮಾಡ್ಲಾ?", "ಒಂದೇ ಒಂದು ಫೋಟೋ", "ನನ್ ಮೇಲೆ ನಂಬಿಕೆ ಇಲ್ವಾ?" ಮೊದಲ ಸಲ ಇದನ್ನು ಆಸೆ ಅಂತಲೇ ತಿಳಿದು, ನಗುತ್ತಲೇ ಬೇಡ ಅನ್ನಿ: "ಇವತ್ತು ಫೋನ್ ಬೇಡ, ಶನಿವಾರ ಎದುರಿಗೇ ಮಾತಾಡೋಣ." ಎರಡನೇ ಸಲ ಅದೇ ಬಂದರೆ ನಗು ತೆಗೆದು, ಎಮೋಜಿ ಇಲ್ಲದೆ ಅದೇ ಮಾತನ್ನು ಬರೆಯಿರಿ. ಅಲ್ಲಿಗೂ ನಿಲ್ಲದಿದ್ದರೆ ಅವರಿಗೆ ನೀವು ಹೇಳಿದ್ದು ಕೇಳಿಸದೆ ಇಲ್ಲ, ಕೇಳಿಸಿಯೂ ಬಿಟ್ಟಿಲ್ಲ. ಮೆಸೇಜ್ ಎಷ್ಟೇ ಸಿಹಿಯಾಗಿದ್ದರೂ ಶನಿವಾರದ ದೋಸೆಯನ್ನು ರದ್ದು ಮಾಡಲು ಅಷ್ಟು ಕಾರಣ ಸಾಕು.

ಫೋಟೋ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಒಂದೇ ಸಲ ನೋಡುವಂತೆ ಕಳಿಸುವ ಸೌಲಭ್ಯ ವಾಟ್ಸಾಪಿನಲ್ಲಿ ಇದೆ, ಅದಕ್ಕೆ ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದಿಲ್ಲ. ಆದರೆ ಇನ್ನೊಂದು ಫೋನಿನಿಂದ ಆ ಪರದೆಯ ಫೋಟೋ ಹೊಡೆದರೆ ತಡೆಯುವವರು ಯಾರೂ ಇಲ್ಲ. ತಾನಾಗಿ ಅಳಿಸಿಹೋಗುವ ಮೆಸೇಜನ್ನೂ ಅಳಿಸುವ ಮೊದಲೇ ಉಳಿಸಿಕೊಳ್ಳಬಹುದು. ನಿಮ್ಮ ನಿಧಾನದ ಪಟ್ಟಿಯಲ್ಲಿ ಫೋಟೋ ಬೇಡ ಅಂತ ಇದ್ದರೆ ಈ ಸೌಲಭ್ಯವನ್ನು ನೆಚ್ಚಿ ಪಟ್ಟಿ ಬದಲಿಸಬೇಡಿ.

ಸಂದರ್ಭ ಬೇರೆಯಾದರೆ

ಮ್ಯಾಟ್ರಿಮನಿಯಲ್ಲಿ ಸಿಕ್ಕವರ ಜೊತೆ ನಿಧಾನ ಅನ್ನುವುದಕ್ಕೆ ಇನ್ನೊಂದು ತೊಡಕು ಇದೆ. ಅಲ್ಲಿ ಇಬ್ಬರಲ್ಲ, ಎರಡು ಮನೆ. ನಿಮ್ಮಮ್ಮ ಪ್ರತಿ ಭಾನುವಾರ "ಏನಾಯ್ತೇ, ಹುಡುಗ ಏನಂದ?" ಅಂತ ಕೇಳುತ್ತಾರೆ, ಆ ಕಡೆಯೂ ಯಾರೋ ಕೇಳುತ್ತಿರುತ್ತಾರೆ. ಹಾಗಾಗಿ ಇಲ್ಲಿ ಬರೀ ನಿಧಾನ ಸಾಲದು, ಗಡುವು ಬೇಕು. "ಮನೆಯವರಿಗೆ ಹೇಳೋಕೆ ಮುಂಚೆ ನಾವಿಬ್ರೂ ಒಂದು ತಿಂಗಳು ಮಾತಾಡೋಣ, ನಾಲ್ಕೈದು ಸಲ ಸಿಗೋಣ. ಆಮೇಲೆ ನಾನು ಖಂಡಿತ ಏನಂತ ಹೇಳ್ತೀನಿ" ಅಂತ ಬರೆಯಿರಿ. ಮನೆಯಲ್ಲೂ ಅದೇ ದಿನಾಂಕ ಹೇಳಿ. ಇಬ್ಬರೂ ತಮ್ಮ ಮನೆಗಳಿಗೆ ಒಂದೇ ಉತ್ತರ ಕೊಟ್ಟರೆ ಫೋನುಗಳ ಕಾಟ ಅರ್ಧ ಇಳಿಯುತ್ತದೆ.

ನಿಧಾನ ಬೇಕಾದವರು ಗಂಡಸಾದರೆ ಇನ್ನೊಂದು ಕಷ್ಟ. ಹುಡುಗಿಯೇ ಮುಂದಾಗಿ ಕಾಳು ಹಾಕಿದಾಗ ಹುಡುಗ ಹಿಂದೆ ಸರಿದರೆ, ಅವಳಿಗೆ ಅದು ಅವಮಾನವಾಗಿ ತಟ್ಟುವ ಸಾಧ್ಯತೆ ಜಾಸ್ತಿ. ಅವಳು ಹೆಚ್ಚು ಧೈರ್ಯ ಮಾಡಿರುತ್ತಾಳೆ, ಅಲ್ವಾ? ಆದ್ದರಿಂದ ಮೊದಲ ಸಾಲನ್ನು ಇನ್ನೂ ಸ್ಪಷ್ಟವಾಗಿ ಬರೆಯಿರಿ. "ನೀವೇ ಹೇಳಿದ್ದು ನನಗೆ ತುಂಬಾ ಖುಷಿ ಆಯ್ತು. ನಾನು ಇದನ್ನ ಸರಿಯಾಗಿ ಮಾಡ್ಬೇಕು ಅನ್ಕೊಂಡಿದೀನಿ, ಅದಕ್ಕೆ ನಿಧಾನ." ಗೆಳೆಯರು ರೇಗಿಸುತ್ತಾರೆ ಅಂತ ನಿಮ್ಮ ವೇಗ ಬಿಟ್ಟು ಓಡಬೇಡಿ.

ಒಂದೇ ಆಫೀಸಿನವರಾದರೆ ಆಫೀಸಿನ ಚಾಟ್‌ನಲ್ಲಿ ಉತ್ತರಿಸಲೇಬೇಡಿ, ಅದು ಕಂಪನಿಯ ಸೊತ್ತು. ಸ್ವಂತ ಫೋನಿಗೆ ಮಾತು ತನ್ನಿ. ಒಬ್ಬರ ಕೆಳಗೆ ಇನ್ನೊಬ್ಬರು ಕೆಲಸ ಮಾಡುತ್ತಿದ್ದರೆ ಈ ಬರಹದ ಸಲಹೆ ಸಾಲುವುದಿಲ್ಲ, ಯಾಕೆಂದರೆ ಅಲ್ಲಿ ಬೇಡ ಅನ್ನುವ ಸ್ವಾತಂತ್ರ್ಯ ಇಬ್ಬರಿಗೂ ಒಂದೇ ಇರುವುದಿಲ್ಲ.

ವೇಗ ಬದಲಾದಾಗ ಹೇಳಿ

ನಿಧಾನ ಕೇಳಿದ ಮೇಲೆ ಅದನ್ನು ಬದಲಿಸುವ ಮಾತೂ ನಿಮ್ಮಿಂದಲೇ ಬರಬೇಕು. ಎದುರಿನವರು ಮರ್ಯಾದಸ್ಥರಾದರೆ ನೀವು ಹೇಳದೆ ಅವರು ಮುಂದೆ ಬರುವುದಿಲ್ಲ. ನೀವು ಅವರು ಬರಲಿ ಅಂತ ಕಾಯುತ್ತೀರಿ, ಅವರು ನೀವು ಹೇಳಲಿ ಅಂತ ಕಾಯುತ್ತಾರೆ. ಹೀಗೆ ಕಾದು ಕಾದು ತಣ್ಣಗಾದ ಎಷ್ಟೋ ಮಾತುಕತೆಗಳನ್ನು ನೋಡಿದ್ದೇನೆ. ಎರಡು ಮೂರು ವಾರಕ್ಕೊಮ್ಮೆ ಮೊದಲು ಬರೆದ ಪಟ್ಟಿಯನ್ನು ತೆರೆದು ನೋಡಿ. ಬೇಡ ಅಂದಿದ್ದರಲ್ಲಿ ಯಾವುದು ಈಗ ಬೇಕು ಅನಿಸುತ್ತಿದೆ? ಅದೊಂದನ್ನೇ ಹೇಳಿ, ಎಲ್ಲವನ್ನೂ ಒಟ್ಟಿಗೆ ತೆರೆಯಬೇಕಿಲ್ಲ.

ಗೆಳತಿ ಮೂರನೇ ಸಲ ಸಿಕ್ಕು ಬಂದ ರಾತ್ರಿ ತಾನೇ ಬರೆದಳು: "ಇವತ್ತು ಮೆಟ್ರೋ ಹತ್ತುವಾಗ ನೀನು ಅಂತ ಬಾಯಿಗೆ ಬಂದಿತ್ತು, ತಡ್ಕೊಂಡೆ. ಇನ್ಮೇಲೆ ತಡ್ಕೊಳ್ಳಲ್ಲ. ಫೋನ್ ಕೂಡ ಮಾಡ್ಬಹುದು, ಹತ್ತೂವರೆ ಒಳಗೆ."